ಕೈಗೆ ಸಿಕ್ಕಿದ ದಿನ

ಸೀತಾಂಗೋಳಿಯ ಅಶ್ರಫ್‌ನ ಹೊಲಿಗೆ ಘಟಕ ಹೆಂಗಸರ ಉಡುಪುಗಳನ್ನು ಆನ್‌ಲೈನಿನಲ್ಲೂ ಮಾರುತ್ತಿತ್ತು. ಅದರ ಬರವಣಿಗೆಯೆಲ್ಲ ನನ್ನದು. ವಾಪಸಾತಿಯ ನಿಯಮಗಳನ್ನು ಅವನು ಯಾವುದೋ ದೊಡ್ಡ ಕಂಪೆನಿಯ ಪುಟದಿಂದ ಇಡಿಯಾಗಿ ಎತ್ತಿಕೊಂಡಿದ್ದ. ತಕರಾರಿದ್ದರೆ ದೆಹಲಿಯ ನ್ಯಾಯಾಲಯಕ್ಕೇ ಹೋಗಬೇಕೆಂದು ಅದರಲ್ಲಿತ್ತು. ಇಲ್ಲೇ ಹತ್ತಿರದ ಶಿರಿಯದ ಹೆಂಗಸು ಚೂಡಿದಾರ್ ಬಿಗಿಯಾಯಿತೆಂದು ದೆಹಲಿಗೆ ರೈಲು ಹತ್ತಬೇಕಂತೆ! ನನಗೆ ಮೈ ಉರಿಯಿತು. ಒಂದೇ ಬೆಳಿಗ್ಗೆ ಎಲ್ಲವನ್ನೂ ಕಿತ್ತುಹಾಕಿ ಹೊಸದಾಗಿ ಬರೆದೆ.

'ಪಾರ್ಸೆಲ್ ತಲುಪಿದ ಏಳು ದಿನದೊಳಗೆ ನಮಗೆ ವಾಟ್ಸಾಪ್ ಮಾಡಿ. ಉಡುಪನ್ನು ತೊಟ್ಟು ನೋಡಬಹುದು. ಒಗೆಯಬಾರದು, ಚೀಟಿ ಕೀಳಬಾರದು. ಅಳತೆ ಸರಿಯಾಗದಿದ್ದರೆ ಬೇರೆಯದು ಕೊಡುತ್ತೇವೆ. ಹಣವೇ ಬೇಕೆಂದರೆ, ಉಡುಪು ನಮಗೆ ಬಂದು ಪರೀಕ್ಷಿಸಿದ ಮೇಲೆ ಒಂದು ವಾರದಲ್ಲಿ ನಿಮ್ಮ ಖಾತೆಗೆ ಹಾಕುತ್ತೇವೆ. ತಪ್ಪು ನಮ್ಮದಾದರೆ ಕಳಿಸುವ ಖರ್ಚೂ ನಮ್ಮದು.'

ಇನ್ನು ಯಾರೂ ಫೋನ್ ಮಾಡಿ ಕೇಳಬೇಕಾಗಿಲ್ಲ ಎಂದು ನಾನು ಬೀಗಿದೆ. ಅಶ್ರಫ್‌ಗೂ ಖುಷಿಯಾಯಿತು.

ಪುಟ ಹಾಕಿದ ಮರುತಿಂಗಳೇ ಶಿರಿಯದ ಹಲೀಮಾ ಪೆಟ್ಟಿಗೆ ಹಿಡಿದುಕೊಂಡು ಘಟಕಕ್ಕೇ ಬಂದರು. ಶುಕ್ರವಾರ ಮಗಳ ನಿಕಾಹ್. ಅವಳಿಗೆಂದು ತರಿಸಿದ ಗೌನ್ ಭುಜದಲ್ಲಿ ಹಿಡಿಯುತ್ತಿತ್ತು. ಅಶ್ರಫ್ ಕಂಪ್ಯೂಟರ್ ನೋಡಿ, ಪಾರ್ಸೆಲ್ ತಲುಪಿ ಹತ್ತು ದಿನವಾಗಿದೆ, ಅವಧಿ ಮುಗಿದಿದೆ ಎಂದ. ತನಗೆ ಸಿಕ್ಕಿದ್ದು ನಿನ್ನೆ ಎಂದರು ಹಲೀಮಾ. ಇಬ್ಬರೂ ಹೇಳಿದ್ದು ನಿಜವೇ. ಕೊರಿಯರಿನವರು ಶಿರಿಯದ ಒಳಗೆ ಹೋಗುವುದಿಲ್ಲ. ಕುಂಬಳೆ ಪೇಟೆಯ ಹಸೈನಾರರ ಅಂಗಡಿಯಲ್ಲಿ ಎಲ್ಲ ಪಾರ್ಸೆಲ್ ಇಳಿಸಿ, ಫೋನಿನಲ್ಲಿ 'ತಲುಪಿದೆ' ಎಂದು ಒತ್ತಿ ಹೋಗುತ್ತಾರೆ. ಪೇಟೆಗೆ ಬಂದಾಗ ಜನ ಒಯ್ಯುತ್ತಾರೆ. ಇದು ನಮಗೆಲ್ಲ ಗೊತ್ತಿದ್ದ ವಿಷಯ. ಆದರೂ ಬರೆಯುವಾಗ ನನ್ನ ತಲೆಗೆ ಹೊಳೆಯಲಿಲ್ಲ.

ಹಲೀಮಾ ಬ್ಯಾರಿ ಭಾಷೆ ಬಿಟ್ಟು, ನನಗೂ ತಿಳಿಯಲೆಂದು ಕನ್ನಡದಲ್ಲಿ, ಮಗಳೆಂದು ಕರೆದು ಹೇಳಿದರು: "ಮೊದಲಿನದ್ದು ನನಗೆ ಅರ್ಥವೇ ಆಗ್ತಿರ್ಲಿಲ್ಲ ಮೋಳೆ. ನೀನು ಬರೆದದ್ದು ಚಂದ ಅರ್ಥ ಆಯ್ತು. ಪೆಟ್ಟಿಗೆ ಬಿಚ್ಚುವ ಮೊದಲೇ ನನ್ನ ದಿನ ಮುಗಿದಿತ್ತು, ಅಲ್ವಾ?"

ನನಗೆ ನಾಚಿಕೆಯಾಯಿತು.

ಅಶ್ರಫ್ ಕೆಟ್ಟವನಲ್ಲ. ಹಸೈನಾರರಿಗೆ ಫೋನ್ ಮಾಡಿ, ಒಯ್ದದ್ದು ನಿನ್ನೆಯೇ ಎಂದು ಖಚಿತಪಡಿಸಿಕೊಂಡ. ದೊಡ್ಡ ಅಳತೆಯ ಗೌನ್ ತರಿಸಿ ಮೇಜಿನ ಮೇಲಿಟ್ಟ. ಆದರೆ ಪುಟದಲ್ಲಿ ಇದನ್ನು ಬರೆಯಬೇಡ, ಎಲ್ಲರೂ ನಿನ್ನೆ ಸಿಕ್ಕಿತು ಅಂತಾರೆ ಎಂದು ನನಗೆ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಲೀಮಾ ಗೌನನ್ನು ಅವನ ಕಡೆಗೆ ಸರಿಸಿದರು.

"ನನಗೆ ಮಾತ್ರ ಕೊಟ್ರೆ ಅದು ಉಪಕಾರ. ಮಗಳಿಗೆ ಉಪಕಾರದ ಬಟ್ಟೆ ಹಾಕಿಸುವುದಿಲ್ಲ. ಶಿರಿಯದಲ್ಲಿ ನನ್ನ ಹಾಗೆ ತುಂಬಾ ಜನ ಉಂಟು."

ಮಗಳಿಗೆ ಬೇರೆ ಗೌನ್ ಇರಲಿಲ್ಲ, ಅಂಗಡಿ ಸುತ್ತಲು ಸಮಯವೂ ಇರಲಿಲ್ಲ. ಆದರೂ ಆ ಹೆಂಗಸು ಹೊರಡಲು ಎದ್ದೇಬಿಟ್ಟರು.

ಅಶ್ರಫ್ ನನ್ನ ಮುಖ ನೋಡಿದ. ನಾನು ಆಗಲೇ ಬರೆಯುತ್ತಿದ್ದೆ: 'ಪಾರ್ಸೆಲ್ ಅಂಗಡಿಯಲ್ಲಿ ಇಳಿಸಿದ್ದರೆ, ನೀವು ಅಲ್ಲಿಂದ ಒಯ್ದ ದಿನದಿಂದ ಏಳು ದಿನ. ಒಯ್ಯುವಾಗ ಪೆಟ್ಟಿಗೆಯ ಮೇಲೆ ಅಂಗಡಿಯವರಿಂದ ತಾರೀಕು ಬರೆಸಿ, ಸಹಿ ಹಾಕಿಸಿ.'

"ಹಾಕು ಮಾರಾಯ್ತಿ," ಎಂದ ಅಶ್ರಫ್.

ಹಲೀಮಾ ತಮ್ಮ ಫೋನಿನಲ್ಲಿ ಆ ಪುಟ ತೆರೆದು, ನಿಂತಲ್ಲೇ ನಿಧಾನವಾಗಿ ಓದಿದರು. ಆಮೇಲೆ ಮೇಜಿನ ಮೇಲಿದ್ದ ದೊಡ್ಡ ಗೌನ್ ಬಿಡಿಸಿ, ಭುಜದ ಹೊಲಿಗೆಯನ್ನು ಅಳೆದು ನೋಡತೊಡಗಿದರು.