ಮೈಕ್ ಮಾಮನ ಕೊನೆಯ ತಮಾಷೆ

ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಾಡಿಗಳ ಹೊತ್ತು ಗೊತ್ತು ಕೂಗಿ ಹೇಳಿದ ಮನುಷ್ಯನನ್ನು ಬೀದಿಯವರು ಮೈಕ್ ಮಾಮ ಎಂದೇ ಕರೆಯುತ್ತಿದ್ದರು. ಅವನ ಗಂಟಲಿನಲ್ಲಿ ಹತ್ತಾರು ಜನ ವಾಸವಿದ್ದರು. ಸ್ಟೇಷನ್ ಮಾಸ್ಟರ್, ಹಲ್ಲಿಲ್ಲದ ಮುದುಕಿ, ಮೂಗಿನಲ್ಲಿ ಮಾತಾಡುವ ವಕೀಲ, ಯಾರನ್ನು ಕೇಳಿದರೂ ಆಚೆ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಅವನ ಜಾಗದಲ್ಲಿ ಯಂತ್ರವೊಂದು ಕೂತು ಮಾತಾಡತೊಡಗಿತು. ಕೇಳುವವರಿಲ್ಲದ ಗಂಟಲನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತೋಚದೆ ಮೈಕ್ ಮಾಮ ದಿನಾ ಮಧ್ಯಾಹ್ನ ಪಕ್ಕದ ಬೀದಿಯ ಕ್ಷೌರದಂಗಡಿಗೆ ಹೋಗಿ ಕೂರುತ್ತಿದ್ದ. ಅಲ್ಲಿ ಕನಿಷ್ಠ ನಾಲ್ಕು ಜನರಾದರೂ ನಗುತ್ತಿದ್ದರು.

ಆ ದಿನ ಮಾತಿಗೆ ಮಾತು ಬೆಳೆದು, "ಊರನ್ನೆಲ್ಲ ಏಮಾರಿಸ್ತೀರ, ಮನೆಯವರ ಹತ್ರ ನಿಮ್ಮ ಆಟ ನಡೆಯುತ್ತಾ?" ಎಂದು ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನೊಬ್ಬ ಕೆಣಕಿದ. ಮೈಕ್ ಮಾಮ ಅಂಗಡಿಯವನ ಫೋನು ಕೇಳಿ ಪಡೆದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಅತ್ತ ಹೆಂಡತಿ ಹೊಲಿಗೆ ಮಿಷನ್ನು ನಿಲ್ಲಿಸಿ ಹಲೋ ಅಂದದ್ದೇ, ಇವನ ಬಾಯಲ್ಲಿ ಯಾರೋ ಗಡಸು ದನಿಯ ಅಧಿಕಾರಿ ಬಂದು ಕೂತ.

"ರೈಲ್ವೆ ಸ್ಟೇಷನ್ನಿಂದ ಮಾತಾಡ್ತಿದ್ದೀವಮ್ಮ. ನಿಮ್ಮ ಯಜಮಾನರು ಹಳಿ ದಾಟ್ತಾ ಇದ್ರು. ಗಾಡಿ ಬಂದಿದ್ದು ನೋಡಿಲ್ಲ."

ಹೆಂಡತಿ ತೀರ ಸಣ್ಣ ದನಿಯಲ್ಲಿ, "ಚಪ್ಪಲಿ ಯಾವ ಬಣ್ಣದ್ದು?" ಎಂದಳು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ನೊರೆಯವನು ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಬಗ್ಗಿದ್ದ, ಅಂಗಡಿಯವನು ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದ. "ಕಂದು," ಎಂದ ಮೈಕ್ ಮಾಮ. ಫೋನು ಏನಕ್ಕೋ ಬಡಿದ ಸದ್ದಾಗಿ ಲೈನು ಕಡಿಯಿತು. "ಗೊತ್ತಾಗೋಯ್ತು ಅವಳಿಗೆ, ಕೋಪ ಮಾಡ್ಕೊಂಡ್ಳು. ಇವತ್ತು ನನಗೆ ಗ್ರಹಚಾರ ಬಿಡಿಸ್ತಾಳೆ," ಎಂದು ನಗುತ್ತಲೇ ಎದ್ದು ಮನೆಯ ಕಡೆ ಹೊರಟ. ನಗುತ್ತಲೇ ಬಾಗಿಲು ತಳ್ಳಿದ.

ಹೆಂಡತಿ ಮಿಷನ್ನಿನ ಕಾಲ ಬಳಿ ನೆಲದಲ್ಲಿ ಕೂತಿದ್ದಳು. ಅರ್ಧ ಹೊಲಿದ ಸಮವಸ್ತ್ರವೊಂದು ಮಡಿಲಲ್ಲಿತ್ತು. ಹಣೆ, ಕುತ್ತಿಗೆಯೆಲ್ಲ ನೀರಿನಲ್ಲಿ ಅದ್ದಿದಂತೆ ಬೆವೆತಿತ್ತು. ಎದೆಯ ಮೇಲೆ ಮುಷ್ಟಿ ಒತ್ತಿಕೊಂಡು ತಲೆಯೆತ್ತಿ ನೋಡಿ, "ಬಂದ್ರಾ?" ಎಂದಳು. "ಎದೆ ಮೇಲೆ ಯಾರೋ ಕೂತ ಹಾಗಿದೆ ರೀ."

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಇಸಿಜಿ ಕಾಗದ ನೋಡಿದವರ ಓಡಾಟ ಒಮ್ಮೆಲೇ ಜೋರಾಯಿತು. ಹೃದಯಾಘಾತದ ಗುರುತೇ ಕಾಣುತ್ತಿದೆ, ರಕ್ತನಾಳ ಕಟ್ಟಿದೆಯೇ ಎಂದು ಕೂಡಲೇ ನೋಡಬೇಕು ಎಂದರು. ಸ್ಟ್ರೆಚರ್ ತಳ್ಳುವ ಮೊದಲು ಹೃದಯದ ಡಾಕ್ಟರು ಕೇಳಿದರು. ಆಕೆ ನಡುವಯಸ್ಸಿನ ಹೆಂಗಸು, ಗಡಿಬಿಡಿಯಲ್ಲೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವವರು.

"ನೋವು ಶುರುವಾಗೋ ಮುಂಚೆ ಏನಾದ್ರೂ ಆಯ್ತಾ? ಜಗಳ, ಕೆಟ್ಟ ಸುದ್ದಿ, ಗಾಬರಿ?"

ಹೆಂಡತಿ ಮೈಕ್ ಮಾಮನನ್ನು ನೋಡಿದಳು. ಆಮೇಲೆ ಮೇಲಿನ ದೀಪ ನೋಡಿದಳು. "ಏನೂ ಇಲ್ಲ," ಎಂದಳು. "ಏನೂ ಇಲ್ಲ ಡಾಕ್ಟ್ರೇ," ಎಂದ ಅವನೂ.

ಒಳಗೆ ಆಂಜಿಯೋಗ್ರಾಮ್ ಮುಗಿಸಿ ಹೊರಗೆ ಬಂದಾಗ ಡಾಕ್ಟರ ಮುಖದಲ್ಲಿ ಆತಂಕಕ್ಕಿಂತ ಕುತೂಹಲ ಹೆಚ್ಚಿತ್ತು. ಗಣಕದ ಪರದೆಯ ಮುಂದೆ ಅವನನ್ನು ಕೂರಿಸಿಕೊಂಡರು. ಅಷ್ಟರಲ್ಲಿ ಓಡಿ ಬಂದಿದ್ದ ಮಗಳೂ ಹೆಂಡತಿಯ ಅಣ್ಣನೂ ಹಿಂದೆ ನಿಂತರು.

"ನಾಳ ಎಲ್ಲೂ ಮುಚ್ಚಿಲ್ಲ. ರಕ್ತ ಸಲೀಸಾಗಿ ಹರೀತಿದೆ. ಆದ್ರೆ ಇಲ್ಲಿ ನೋಡಿ, ಇದು ಹೃದಯದ ಎಡಗಡೆ ಕೋಣೆ. ಬುಡ ಗಟ್ಟಿಯಾಗಿ ಹಿಂಡ್ತಿದೆ. ತುದಿ ಮಾತ್ರ ಅಲ್ಲಾಡ್ತಾನೇ ಇಲ್ಲ, ಬಲೂನಿನ ಹಾಗೆ ಊದಿ ನಿಂತಿದೆ."

ಪರದೆಯ ಮೇಲೆ ಕಪ್ಪು ನೆರಳೊಂದು ಮಿಡಿಯುತ್ತಿತ್ತು. ಕತ್ತು ಕಿರಿದು, ಹೊಟ್ಟೆ ದುಂಡು. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯಲು ಇಂಥದೇ ಮಡಕೆ ಬಳಸುತ್ತಾರಂತೆ, ಅದರ ಹೆಸರನ್ನೇ ಕಾಯಿಲೆಗೂ ಇಟ್ಟಿದ್ದಾರೆ, ಟಾಕೋಟ್ಸುಬೊ ಅಂತ, ಎಂದರು ಡಾಕ್ಟರು. ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚು. ಬಲವಾದ ಆಘಾತವಾದಾಗ ಮೈಯಲ್ಲಿ ಅಡ್ರಿನಲಿನ್ ಥರದ ರಾಸಾಯನಿಕಗಳು ಒಮ್ಮೆಲೇ ನುಗ್ಗಿ ಹೃದಯದ ಸ್ನಾಯು ಮಂಕಾಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಥೇಟು ಹೃದಯಾಘಾತ.

"ಹಾಗಾದ್ರೆ ಭಯ ಇಲ್ವಾ?" ಎಂದು ಭಾವ ಕೇಳಿದರು.

"ಇದೆ. ಈಗ ಹೃದಯ ಮಾಮೂಲಿನ ಅರ್ಧದಷ್ಟೇ ಕೆಲಸ ಮಾಡ್ತಿದೆ. ಶ್ವಾಸಕೋಶದಲ್ಲಿ ಸ್ವಲ್ಪ ನೀರು ತುಂಬಿದೆ. ಬಡಿತದ ತಾಳ ತಪ್ಪಬಹುದು. ಅದಕ್ಕೇ ಐಸಿಯುನಲ್ಲಿ ಇಟ್ಕೊಂಡು ನೋಡ್ತಿರ್ತೀವಿ. ಆದ್ರೆ ಈ ಮೊದಲ ದಿನಗಳನ್ನ ದಾಟಿದ್ರೆ ಹೆಚ್ಚಿನವರ ಹೃದಯ ಕೆಲವೇ ವಾರದಲ್ಲಿ ಮೊದಲಿನ ಹಾಗಾಗುತ್ತೆ. ಏನು ಆಘಾತ ಅಂತ ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ಕೆಲವರಲ್ಲಿ ಕಾರಣ ಸಿಗೋದೇ ಇಲ್ಲ, ಅದೂ ಉಂಟು."

ಮುಳುಗುವವನು ಹಗ್ಗ ಹಿಡಿದಂತೆ ಮೈಕ್ ಮಾಮ ಆ ಕೊನೆಯ ಮಾತನ್ನು ಹಿಡಿದುಕೊಂಡ. ಕಾರಣ ಸಿಗೋದೇ ಇಲ್ಲ. ಸರಿ, ಸಿಗದಿರಲಿ.

ಆದರೆ ಹಿಂದಿನಿಂದ ಮಗಳು, "ನನಗೆ ಗೊತ್ತು," ಎಂದಳು.

ಬೆಳಿಗ್ಗೆ ಅವಳು ತಾಯಿಗೆ ಫೋನು ಮಾಡಿ, ಬ್ಯಾಂಕಿನ ಕೆಲಸ ಬಿಟ್ಟೆ ಎಂದು ಹೇಳಿದ್ದಳು. ತಾಯಿ ಬೈದಿದ್ದಳು. ಇವಳೂ ಬಾಯಿಗೆ ಬಂದದ್ದು ಅಂದಿದ್ದಳು. "ನಿನ್ನ ಮುಖ ನೋಡಲ್ಲ ಅಂದ್ಬಿಟ್ಟೆ ಡಾಕ್ಟ್ರೇ. ಅಮ್ಮ ಏನೂ ಮಾತಾಡದೆ ಫೋನಿಟ್ಟರು."

ಹೀಗೆ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಸಮಾಧಾನ ಮಾಡಿದರು. ಭಾವನ ಕಿವಿಗೆ ಅದು ಬೀಳಲಿಲ್ಲ. ಐಸಿಯು ಹೊರಗಿನ ಬೆಂಚಿನ ಹತ್ತಿರ ಬಂದದ್ದೇ ಶುರು ಮಾಡಿದರು. "ಹೆತ್ತವಳ ಹತ್ರ ಆಡೋ ಮಾತೇನೇ ಅದು? ನಿನ್ನ ಓದಿಸಿ ಬರೆಸಿದ್ದು ಇದಕ್ಕೇನಾ?" ಮಗಳು ತಲೆ ಬಗ್ಗಿಸಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ಕೂತಿದ್ದಳು. ಮೈಕ್ ಮಾಮನ ಕೈಯಲ್ಲಿ ಯಂತ್ರದ ಚಹಾ ಇತ್ತು. ಅವನು ಒಂದು ಗುಟುಕು ಕುಡಿದು ಹೇಳಿದ, "ಹೋಗ್ಲಿ ಬಿಡಿ ಭಾವ. ಬೇಕೂಂತ ಮಾಡಿದ್ದಲ್ವಲ್ಲ. ನಾನು ಅವಳನ್ನ ಕ್ಷಮಿಸಿದ್ದೀನಿ."

ಆ ಮಾತು ತನ್ನದೇ ದನಿಯಲ್ಲಿ ಆಚೆ ಬಂದಿತ್ತು. ಬೇರೆ ಯಾರ ದನಿಯನ್ನೂ ಎರವಲು ತರಬೇಕಾಗಿರಲಿಲ್ಲ. ಮಗಳು ಅವನ ತೋಳಿಗೆ ಹಣೆಯಿಟ್ಟು, "ಥ್ಯಾಂಕ್ಸ್ ಅಪ್ಪ," ಎಂದಳು. ಮೈಕ್ ಮಾಮ ಎದ್ದು ಶೌಚಾಲಯಕ್ಕೆ ಹೋಗಿ, ಕನ್ನಡಿಯತ್ತ ಮುಖ ಮಾಡಲಾರದೆ ನಲ್ಲಿಯ ನೀರನ್ನು ಸುಮ್ಮನೆ ಬಿಟ್ಟುಕೊಂಡು ನಿಂತ.

ಎರಡು ದಿನ ಹೆಂಡತಿಯ ರಕ್ತದೊತ್ತಡ ಏಳಲೊಲ್ಲದೆ ಸತಾಯಿಸಿತು. ನೀರು ಇಳಿಸುವ ಔಷಧಿಯನ್ನೂ ಅಳೆದು ಸುರಿದು ಕೊಟ್ಟರು. ಮಗಳು ಬಾಗಿಲ ಗಾಜಿನಿಂದ ನೋಡುತ್ತಿದ್ದಳೇ ಹೊರತು ಒಳಗೆ ಹೋಗಲಿಲ್ಲ. "ನಾನು ಹೋದ್ರೆ ಮತ್ತೆ ಏನಾದ್ರೂ ಆದ್ರೆ?" ಎಂದು ನರ್ಸನ್ನೇ ಕೇಳುತ್ತಿದ್ದಳು. ಊಟ ತಂದುಕೊಟ್ಟರೆ ಪೊಟ್ಟಣ ಬಿಚ್ಚುತ್ತಿರಲಿಲ್ಲ.

ಉಸಿರು ಹಗುರಾದ ದಿನ ಹೆಂಡತಿ ಅವನನ್ನು ಹತ್ತಿರ ಕರೆದಳು. ಮೂಗಿಗೆ ಆಮ್ಲಜನಕದ ಕೊಳವೆ ಇನ್ನೂ ಇತ್ತು.

"ಅವಳು ಯಾಕೆ ಒಳಗೆ ಬರ್ತಿಲ್ಲ?"

ಅವನು ತಡವರಿಸುತ್ತಾ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

"ಫೋನು ನೀವೇ ಮಾಡಿದ್ದು ಅಂತ ನನಗೆ ಗೊತ್ತು," ಎಂದಳು. "ದನಿಯಿಂದ ಗೊತ್ತಾಗ್ಲಿಲ್ಲ. ಬಾಗಿಲಲ್ಲಿ ನಗ್ತಾ ಬಂದ್ರಲ್ಲ, ಆಗ ಗೊತ್ತಾಯ್ತು."

ಅವನಿಗೆ ನಿಂತ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು. "ಮತ್ತೆ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನನ್ನ ಗಂಡ ಸತ್ತ ಅಂತ ನನ್ನ ಗಂಡನೇ ಫೋನು ಮಾಡಿದ್ದ ಅಂತಾನಾ? ನನಗೇ ನಾಚಿಕೆ ಆಯ್ತು ರೀ." ಒಂದೆರಡು ಸಲ ಉಸಿರೆಳೆದುಕೊಂಡಳು. "ನಾನು ಈಗಲೂ ಯಾರಿಗೂ ಹೇಳಲ್ಲ. ಆದ್ರೆ ಆ ಮಗು ಇದನ್ನ ಜೀವಮಾನ ಪೂರ್ತಿ ಹೊತ್ಕೊಂಡು ತಿರುಗ್ತಾಳೆ. ಅದು ನಿಮಗೆ ಸರಿ ಅನ್ಸಿದ್ರೆ, ಸರಿ."

ಹೊರಗೆ ಬೆಂಚಿನ ಮೇಲೆ ಮಗಳೂ ಭಾವನೂ ಕೂತಿದ್ದರು. ಮೈಕ್ ಮಾಮ ಅವರ ಮುಂದೆ ನಿಂತ. ಸಾವಿರಾರು ಜನರ ಮುಂದೆ ಒಂದು ದಿನವೂ ತೊದಲದವನಿಗೆ ಮೊದಲ ಅಕ್ಷರವೇ ಹೊರಡಲಿಲ್ಲ. ಕೆಮ್ಮಿದ.

"ನಿನ್ನಿಂದ ಅಲ್ಲ ಮಗಳೇ. ನಾನು ಮಾಡಿದ್ದು." ಕ್ಷೌರದಂಗಡಿ, ಫೋನು, ಹಳಿ, ಎಲ್ಲವನ್ನೂ ಹೇಳಿದ. ಚಪ್ಪಲಿಯ ಬಣ್ಣದ ಮಾತು ಬಂದಾಗ ನಿಲ್ಲಿಸಿದ, ಆಮೇಲೆ ಅದನ್ನೂ ಹೇಳಿದ.

"ಸ್ಪೀಕರ್ ಹಾಕಿದ್ಯಾ?" ಎಂದು ಮಗಳು ಕೇಳಿದಳು.

"ಹೂಂ."

"ಅಮ್ಮ ಮಾತಾಡಿದ್ದನ್ನ ಎಲ್ಲರೂ ಕೇಳಿ ನಕ್ಕರಾ?"

"ಹೂಂ."

"ನೀನು ನನ್ನ ಕ್ಷಮಿಸಿದ್ದೀನಿ ಅಂದೆ ಅಪ್ಪ."

ಭಾವ ಬೈಯುತ್ತಾರೆಂದು ಮೈಕ್ ಮಾಮ ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವರು ಅವನ ಕಡೆ ನೋಡದೆ ತಂಗಿಯ ಮಗಳ ತಲೆಯ ಮೇಲೆ ಕೈಯಿಟ್ಟು, "ನನ್ನದು ತಪ್ಪಾಯ್ತು ಕಣೇ," ಎಂದರು. ಮಗಳು ಎದ್ದು, ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು, ಗಾಜಿನ ಬಾಗಿಲು ತಳ್ಳಿಕೊಂಡು ತಾಯಿಯ ಹತ್ತಿರ ಹೋದಳು.

ಡಾಕ್ಟರಿಗೂ ಅವನೇ ಹೋಗಿ ಹೇಳಿದ. ಆಕೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಮೊದಲೇ ಹೇಳಿದ್ರೂ ಆಂಜಿಯೋಗ್ರಾಮ್ ಮಾಡ್ಲೇಬೇಕಿತ್ತು. ಗಾಬರಿಯಿಂದ ನಿಜವಾದ ಹೃದಯಾಘಾತವೂ ಆಗುತ್ತೆ, ಒಳಗೆ ನೋಡದೆ ಯಾವುದು ಅಂತ ಹೇಳೋಕಾಗಲ್ಲ. ಹಾಗಾಗಿ ಚಿಕಿತ್ಸೆಗೆ ತೊಂದರೆ ಆಗ್ಲಿಲ್ಲ," ಎಂದರು. ಅವನು ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ನಿಂತೇ ಇದ್ದ. "ಬೆಳಿಗ್ಗೆಯ ಜಗಳದ ಪಾಲೂ ಇದ್ದಿರಬಹುದು, ಯಾರು ಕಂಡರು. ಮಿಕ್ಕಿದ್ದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ," ಎಂದು ಮುಂದಿನ ರೋಗಿಯನ್ನು ಕರೆದರು.

ಮನೆಗೆ ಬಂದ ಮೇಲೆ ಮಗಳು ಅಲ್ಲಿಯೇ ಉಳಿದಳು. ಹೇಗೂ ಕೆಲಸವಿರಲಿಲ್ಲ. ತಾಯಿ ಮಗಳು ಆ ವಿಷಯಕ್ಕೆ ಆಗಾಗ ಜಗಳವಾಡುತ್ತಿದ್ದರು, ಆದರೆ ಒಂದೇ ಮಂಚದ ಮೇಲೆ ಕೂತು. ಅಪ್ಪನ ಜೊತೆ ಮಗಳು ಮಾತಾಡುತ್ತಿರಲಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು, ಅವನು ತಂದಿಡುತ್ತಿದ್ದ. ಕ್ಷೌರದಂಗಡಿಯ ಬೀದಿಯನ್ನು ಬಿಟ್ಟು ಸುತ್ತು ಬಳಸಿ ಔಷಧಿ ಅಂಗಡಿಗೆ ಹೋಗುತ್ತಿದ್ದ. ಒಮ್ಮೆ ಕ್ಷೌರದಂಗಡಿಯವನೇ ಎದುರು ಸಿಕ್ಕಿ, "ಮಾಮ, ಮನೆಯವರು ಹೇಗಿದ್ದಾರೆ? ನಾವೂ ನಗಬಾರದಿತ್ತು," ಎಂದಾಗ ಇಬ್ಬರೂ ನೆಲ ನೋಡಿಕೊಂಡು ಬೇರೆಯಾದರು.

ಎರಡನೇ ತಿಂಗಳು ಮತ್ತೆ ಹೃದಯದ ಸ್ಕ್ಯಾನ್ ಇತ್ತು. ಕತ್ತಲು ಕೋಣೆಯಲ್ಲಿ ಹೆಂಡತಿ ಎಡಮಗ್ಗುಲಾಗಿ ಮಲಗಿದ್ದಳು, ಡಾಕ್ಟರು ಪಕ್ಕೆಯ ಮೇಲೆ ಉಪಕರಣ ಒತ್ತಿ ಪರದೆ ನೋಡುತ್ತಿದ್ದರು. ಮೈಕ್ ಮಾಮ ಬಾಗಿಲಾಚೆ ನಿಂತಿದ್ದ. "ಒಳಗೆ ಬರೋಕೆ ಹೇಳು ಅವರಿಗೆ," ಎಂದು ಹೆಂಡತಿ ಮಗಳಿಗೆ ಹೇಳುವುದು ಕೇಳಿಸಿತು. ಮಗಳು ಬಾಗಿಲು ಅರ್ಧ ತೆರೆದು ಪಕ್ಕಕ್ಕೆ ಸರಿದು ನಿಂತಳು.

ಬುಡ ಹಿಂಡುತ್ತಿತ್ತು, ತುದಿಯೂ ಹಿಂಡುತ್ತಿತ್ತು. ಮಡಕೆಯ ಆಕಾರ ಎಲ್ಲಿಯೂ ಇರಲಿಲ್ಲ. "ಪೂರ್ತಿ ಸರಿಹೋಗಿದೆ," ಎಂದರು ಡಾಕ್ಟರು. "ಮಾತ್ರೆ ಸದ್ಯಕ್ಕೆ ಮುಂದುವರೀಲಿ. ಕೆಲವರಿಗೆ ಮತ್ತೊಮ್ಮೆ ಬರೋದುಂಟು, ಎದೆ ನೋವು ಅಂದ್ರೆ ತಡ ಮಾಡ್ದೆ ಬನ್ನಿ."

ಮೈಕ್ ಮಾಮ ಪರದೆಯ ಮುಂದೆ ಕಣ್ಣೊರೆಸಿಕೊಂಡ. ಹೆಂಡತಿ ಮೈಮೇಲಿನ ಜೆಲ್ಲು ಒರೆಸಿಕೊಳ್ಳುತ್ತಾ ಅವನ ಕಡೆ ನೋಡಿದಳು. "ಹೃದಯ ಸರಿಹೋಯ್ತಂತೆ ರೀ," ಎಂದಳು. "ನನ್ನ ಕೋಪ ಇನ್ನೂ ಇದೆ. ಅದಕ್ಕೆ ಎಷ್ಟು ವಾರ ಬೇಕೋ ಗೊತ್ತಿಲ್ಲ."

"ಎಷ್ಟಾದ್ರೂ ಆಗ್ಲಿ," ಎಂದ ಅವನು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೆಂಡತಿ ಒಂದು ಕಡೆ ಮಗಳ ಭುಜ ಹಿಡಿದಿದ್ದಳು. ಇನ್ನೊಂದು ಕಡೆ ಹೋಗಲೋ ಬೇಡವೋ ಎಂದು ಅವನು ಒಂದು ಮೆಟ್ಟಿಲು ಹಿಂದೆಯೇ ಬರುತ್ತಿದ್ದ. ಮಗಳು ತಿರುಗಿದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಹಿಂದೆ ಯಾಕೆ ಬರ್ತಿದ್ದೀಯ ಅಪ್ಪ? ಮುಂದೆ ಹೋಗಿ ಟ್ಯಾಕ್ಸಿ ನಿಲ್ಲಿಸು. ಅಮ್ಮ ಬಿಸಿಲಲ್ಲಿ ನಿಲ್ಬೇಕಾ?"

ಅವನು ಸರಸರನೆ ಇಳಿದು ರಸ್ತೆಯ ಅಂಚಿಗೆ ಹೋಗಿ ಕೈ ಮೇಲೆತ್ತಿದ.