ಇಬ್ಬರು ಉಪ್ಪು ಹಾಕಿದ ಗ್ರೇವಿ

ತಪ್ಪು ಮಾವನದಲ್ಲ, ಮಿಕ್ಸಿಯದು. ಹಾಗಂತ ಒಪ್ಪಿಕೊಳ್ಳುವ ತಾಳ್ಮೆ ಆ ಹೊತ್ತಿಗೆ ನನಗಿರಲಿಲ್ಲ ಅನ್ನುವುದು ಬೇರೆ ಮಾತು.

ಅತ್ತೆ ತೀರಿಕೊಂಡ ಮೇಲೆ ಮಾವ ರೂಮು ಹಿಡಿದು ಕೂತುಬಿಟ್ಟಿದ್ದರು. ಮಾತಿಗೆ ಎಳೆದರೆ ‘ಹೂಂ’, ಊಟಕ್ಕೆ ಕರೆದರೆ ‘ಸಾಕಮ್ಮ’. ಅಂಥವರು ಆ ಭಾನುವಾರ ತಾವಾಗಿಯೇ ಅಡುಗೆಮನೆಗೆ ಬಂದು, ಏನಾದರೂ ಮಾಡಲಾ ಎಂದು ಕೇಳಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಒಲೆಯ ಮೇಲಿದ್ದ ಬಟಾಣಿ ಗ್ರೇವಿಯನ್ನು ಅವರ ಕೈಗೆ ಒಪ್ಪಿಸಿ, ನಾನು ಮಿಕ್ಸಿಯಲ್ಲಿ ಕಾಳುಮೆಣಸು ಪುಡಿ ಮಾಡತೊಡಗಿದೆ.

ಉಪ್ಪು ಹಾಕಲಾ ಎಂದು ಮಾವ ಕೇಳಿದರು. “ಹಾಕಿ ಆಗಿದೆ” ಎಂದೆ. ‘ಆಗಿದೆ’ಯನ್ನು ಮಿಕ್ಸಿ ನುಂಗಿತು, ಅವರ ಕಿವಿಗೆ ಬಿದ್ದದ್ದು ಬರೀ ‘ಹಾಕಿ’. ಸೊಸೆ ಇಷ್ಟು ಮರ್ಯಾದೆಯಿಂದ ಹೇಳಿದ್ದಾಳಲ್ಲ ಎಂದು ಧಾರಾಳವಾಗಿಯೇ ಹಾಕಿದರು.

ರುಚಿ ನೋಡಿದವಳ ಮುಖ ಸೊಟ್ಟಗಾಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಮಾವ ತಾವೂ ಒಂದು ಹನಿ ನೆಕ್ಕಿ, ಸೌಟು ಕೆಳಗಿಟ್ಟರು.

“ನಾನು ಬರಬಾರದಿತ್ತಮ್ಮ” ಎಂದು ರೂಮಿನ ಕಡೆ ತಿರುಗಿದರು.

ನನ್ನ ಸಿಟ್ಟು ಜರ್ರನೆ ಇಳಿಯಿತು. ಗ್ರೇವಿ ಹೋದರೆ ಹೋಗಲಿ, ಇವರು ಮತ್ತೆ ಆ ಬಾಗಿಲು ಹಾಕಿಕೊಂಡರೆ ನಾನೇನು ಮಾಡಲಿ?

“ಎಲ್ಲಿಗೆ ಹೊರಟ್ರಿ ಮಾವ? ಆಲೂಗಡ್ಡೆ ಸಿಪ್ಪೆ ತೆಗೀರಿ.”

ಒಂದು ಹಸಿ ಆಲೂಗಡ್ಡೆ ಹಾಕಿದರೆ ಉಪ್ಪನ್ನೆಲ್ಲ ಎಳೆದುಕೊಳ್ಳುತ್ತದಂತಲ್ಲವೇ ಎಂದು ಅವರು ಮೆಲ್ಲಗೆ ಕೇಳಿದರು. ಅದು ಉಪ್ಪನ್ನಷ್ಟೇ ಆರಿಸಿ ಕುಡಿಯಲ್ಲ, ನೀರನ್ನೂ ಕುಡಿಯುತ್ತೆ, ಉಳಿದದ್ದು ಅಷ್ಟೇ ಉಪ್ಪಾಗಿರುತ್ತೆ ಎಂದೆ. ಹಾಕಿದ ಉಪ್ಪನ್ನು ತೆಗೆಯೋಕಾಗಲ್ಲ, ಅದಕ್ಕೆ ತಕ್ಕಷ್ಟು ಗ್ರೇವಿ ಬೆಳೆಸಬೇಕು. ಅವರು ಆಲೂಗಡ್ಡೆ ಹೆಚ್ಚಿ ಉಪ್ಪಿಲ್ಲದೆ ಬೇಯಿಸಿದರು. ನಾನು ಈರುಳ್ಳಿ, ಟೊಮೆಟೊ, ಮಸಾಲೆ ಹುರಿದೆ, ಅದಕ್ಕೂ ಚಿಟಿಕೆ ಉಪ್ಪಿಲ್ಲ. ಎಲ್ಲವನ್ನೂ ದೊಡ್ಡ ಪಾತ್ರೆಗೆ ಸುರಿದು, ಬಿಸಿನೀರು ಸೇರಿಸಿ ಕುದಿಸಿದೆವು. ಮಾವ ರುಚಿ ನೋಡಿದರು, ಇನ್ನೂ ಸ್ವಲ್ಪ ಜಾಸ್ತಿ ಎಂದರು. ಉರಿ ಸಣ್ಣ ಮಾಡಿ, ಕಡೆದ ಮೊಸರು ಬೆರೆಸಿದೆ. ಮತ್ತೆ ನೋಡಿದರು. ಈ ಸಲ ತಾವಾಗಿಯೇ ಇನ್ನೊಂದು ಚಮಚ ತಗೊಂಡರು.

ಈಗ ಪಾತ್ರೆಯ ತುಂಬ ಗ್ರೇವಿ, ಮನೆಯಲ್ಲಿ ತಿನ್ನುವವರು ನಾನು, ನನ್ನ ಗಂಡ, ಮಾವ, ಮೂವರೇ. ಇಷ್ಟನ್ನು ಯಾರ ತಲೆಗೆ ಕಟ್ಟುವುದು ಎಂದು ಗೊಣಗಿದೆ. ಮಾವ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ಬರುವಾಗ ಕೆಳಗಿನ ಮನೆಯ ಟೈಲರ್, ಅವರ ಹೆಂಡತಿ, ಎದುರುಮನೆಯ ನರ್ಸಮ್ಮ ಎಲ್ಲರೂ ಜೊತೆಗಿದ್ದರು.

ಟೈಲರ್ ಎರಡನೇ ಸಲ ಬಡಿಸಿಕೊಂಡು ಸೊಸೆಯ ಕೈಗುಣ ಹೊಗಳಿದಾಗ ಮಾವ ಬಿಡಲಿಲ್ಲ. ಉಪ್ಪು ಸುರಿದು ಕೆಡಿಸಿದವನು ನಾನು, ಕಾಪಾಡಿದ್ದು ಇಬ್ಬರೂ ಸೇರಿ ಎಂದು ತಾವೇ ಹೇಳಿ, ತಾವೇ ಮೊದಲು ನಕ್ಕರು. ಬಡಿಸುತ್ತಿದ್ದ ನನ್ನ ಗಂಡ ಸೌಟು ಹಿಡಿದು ಹಾಗೇ ನಿಂತುಬಿಟ್ಟ. ಅಪ್ಪ ನಕ್ಕದ್ದನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ. ಆ ಮಿಕ್ಸಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಮಾವ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

“ನಾಳೆ ಏನು ಮಾಡೋಣಮ್ಮ?”