ಹದಿನಾಲ್ಕನೆಯ ಸಾಲು

ಆ ಸಾಲನ್ನು ಹೊಡೆದುಹಾಕಿದವಳು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ಒಂದು ವರ್ಷದಿಂದ ಪ್ರಯತ್ನಪಟ್ಟಿದ್ದೇನೆ, ಯಾರ ತಲೆಗೂ ಅದು ಸರಿಯಾಗಿ ಕೂರಲಿಲ್ಲ.

ನಾನು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವವಳು. ನಮ್ಮಲ್ಲಿ ಪ್ರಾಯೋಗಿಕ ಪರೀಕ್ಷೆ ಎಂದರೆ ಕೋಣೆಯಿಂದ ಕೋಣೆಗೆ ಓಟ. ಒಂದೊಂದು ಕೋಣೆಯಲ್ಲಿ ಒಂದೊಂದು ಕೆಲಸ, ಏಳು ನಿಮಿಷ, ಗಂಟೆ ಹೊಡೆದರೆ ಮುಂದಿನ ಕೋಣೆ. ಆ ಕೋಣೆಗೆ ಸ್ಟೇಷನ್ ಎನ್ನುತ್ತೇವೆ. ಪರೀಕ್ಷಕರ ಕೈಯಲ್ಲಿ ಒಂದು ಚೆಕ್‌ಲಿಸ್ಟ್ ಇರುತ್ತದೆ. ಹುಡುಗಿ ಮಾಡಿದ್ದಕ್ಕೆ ಟಿಕ್, ಮಾಡದ್ದಕ್ಕೆ ತಪ್ಪುಗುರುತು. ಪಟ್ಟಿಯಲ್ಲಿರುವುದಕ್ಕೆ ಮಾತ್ರ ಅಂಕ. ಯಾರ ಮುಖ ನೋಡಿಯೂ ಅಂಕ ಕೊಡುವಂತಿಲ್ಲ. ಇದೇ ಈ ಪರೀಕ್ಷೆಯ ಹಿರಿಮೆ ಎಂದು ಇಪ್ಪತ್ತೆರಡು ವರ್ಷ ಎದೆ ತಟ್ಟಿಕೊಂಡು ಹೇಳಿದ್ದೇನೆ.

ಆ ಸಲ ಎರಡು ಸ್ಟೇಷನ್ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂತು. ಒಂದರಲ್ಲಿ ಜ್ವರ, ನಾಡಿ, ಉಸಿರು, ಬಿಪಿ ನೋಡಬೇಕು. ಇನ್ನೊಂದರಲ್ಲಿ ಗಾಯಕ್ಕೆ ಸೋಂಕು ತಗುಲದಂತೆ ಡ್ರೆಸ್ಸಿಂಗ್ ಮಾಡಬೇಕು. ಮೊದಲನೆಯದಕ್ಕೆ ರೋಗಿಯಾಗಿ ನಟಿಸಲು ಆಂಬುಲೆನ್ಸ್ ಓಡಿಸಿ ನಿವೃತ್ತರಾದ ಡ್ರೈವರ್ ತಾತನನ್ನು ಒಪ್ಪಿಸಿದೆ. ಕೇಳಿದರೆ ಮಾತ್ರ ‘ಹತ್ತು ನಿಮಿಷದ ಹಿಂದೆ ಟೀ ಕುಡಿದೆ’ ಎನ್ನಬೇಕು, ಕೇಳದಿದ್ದರೆ ತುಟಿ ಪಿಟಿಕ್ಕೆನ್ನಬಾರದು ಎಂದು ಹೇಳಿಕೊಟ್ಟೆ. ಟೀ ಕುಡಿದ ಕೂಡಲೇ ನೋಡಿದರೆ ಬಿಪಿ ಏರಿರುತ್ತದೆ.

“ಅಷ್ಟೇನಾ ಡೈಲಾಗು? ಸಾಯೋ ಸೀನ್ ಗೀನ್ ಇಲ್ವಾ?” ಎಂದರು ತಾತ.

“ನೀವು ಸತ್ರೆ ಬಿಪಿ ಎಲ್ಲಿಂದ ತರ್ಲಿ, ಸುಮ್ನೆ ಕೂತ್ಕೊಳ್ಳಿ,” ಎಂದೆ.

ಡ್ರೆಸ್ಸಿಂಗ್ ಸ್ಟೇಷನ್ನಿಗೆ ರಬ್ಬರಿನ ತೋಳು, ಅದರ ಮೇಲೊಂದು ಹೊಲಿಗೆ ಹಾಕಿದ ಗಾಯ. ಚೆಕ್‌ಲಿಸ್ಟಿನಲ್ಲಿ ಹತ್ತೊಂಬತ್ತು ಸಾಲು ಬರೆದಿದ್ದೆ. ಹತ್ತಿ, ಪಟ್ಟಿ ಸುತ್ತಿಟ್ಟ ಬಟ್ಟೆಯ ಪ್ಯಾಕ್ ಬಿಚ್ಚುವಾಗ ತನ್ನಿಂದ ದೂರದ ಮಡಿಕೆಯನ್ನು ಮೊದಲು ತೆರೆಯಬೇಕು, ತನ್ನ ಕಡೆಯದನ್ನು ಕೊನೆಗೆ. ಬಟ್ಟೆಯ ಅಂಚಿನ ಒಂದಿಂಚನ್ನು ಸ್ಟೆರೈಲ್, ಅಂದರೆ ಸೋಂಕುರಹಿತ, ಅಲ್ಲವೆಂದೇ ಎಣಿಸಬೇಕು. ಗ್ಲೌಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಇಳಿಯಬಾರದು. ಒಂದು ಸಲ ಒರೆಸಿದ ಹತ್ತಿಯನ್ನು ಮತ್ತೆ ಬಳಸಬಾರದು. ಹದಿಮೂರನೆಯದಕ್ಕೆ ನಕ್ಷತ್ರದ ಗುರುತು: ಸ್ಟೆರೈಲ್ ಅಲ್ಲದ ಯಾವುದಕ್ಕೂ ಕೈ ತಗುಲಿಸಬಾರದು. ನಕ್ಷತ್ರದ ಸಾಲು ತಪ್ಪಿದರೆ ಸ್ಟೇಷನ್ ಫೇಲು, ಸ್ಟೇಷನ್ ಫೇಲಾದರೆ ಪರೀಕ್ಷೆಯೇ ಫೇಲು. ಹದಿನಾಲ್ಕನೆಯದು: ಅಕಸ್ಮಾತ್ ತಗುಲಿದರೆ, ಅದನ್ನು ಬಾಯಿಬಿಟ್ಟು ಹೇಳಿ ಗ್ಲೌಸ್ ಬದಲಿಸಿದರೆ ಹದಿಮೂರನೆಯದು ತಪ್ಪಿದಂತೆ ಎಣಿಸಬಾರದು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ನಾನೇ ಗಡಿಯಾರ ಇಟ್ಟು ಮಾಡಿ ನೋಡಿದೆ. ಎಂಟೂವರೆ ನಿಮಿಷ ಹಿಡಿಯಿತು.

“ಹತ್ತೊಂಬತ್ತು ಸಾಲು ಜಾಸ್ತಿ ಆಯ್ತು. ಟಿಕ್ ಹಾಕೋರು ಪಟ್ಟಿ ನೋಡ್ತಾರೋ, ಹುಡುಗಿ ಕೈ ನೋಡ್ತಾರೋ? ಹದಿನೈದಕ್ಕೆ ಇಳಿಸಿ,” ಎಂದರು ಪ್ರಿನ್ಸಿಪಾಲರು.

ಮೂರು ಸಾಲು ಸುಲಭವಾಗಿ ಹೋದವು. ನಾಲ್ಕನೆಯದಕ್ಕೆ ಪೆನ್ನು ಹಿಡಿದು ಕೂತೆ. ಹದಿನಾಲ್ಕನೆಯದು ಕಣ್ಣಿಗೆ ಬಿತ್ತು. ಕೈ ತಗುಲಿಸದವರಿಗೆ ಅಲ್ಲಿ ಏನು ಗುರುತು ಹಾಕುವುದು? ಪರೀಕ್ಷಕರು ನನ್ನನ್ನೇ ಕೂಗಿ ಕೇಳುತ್ತಾರೆ, ಇಲ್ಲದ ತಲೆನೋವು. ಒಂದು ಗೆರೆ ಎಳೆದೆ. ಆಮೇಲೆ ಟೀ ಕುಡಿಯಲು ಹೋದೆ.

ತರಗತಿಯಲ್ಲಿ ಬಾಯಿ ನೋಯುವಷ್ಟು ಸಲ ನಾನು ಹೇಳಿದ ಮಾತೊಂದಿದೆ. “ಕೈ ತಗುಲೋದು ತಪ್ಪಲ್ಲ. ತಗುಲಿದ್ದನ್ನ ನುಂಗ್ಕೊಂಡು ಮುಂದೆ ಹೋಗೋದು ತಪ್ಪು. ಅದನ್ನ ರೋಗಿ ಅನುಭವಿಸ್ತಾನೆ.” ಹುಡುಗಿಯರು ತಲೆಯಾಡಿಸುತ್ತಿದ್ದರು. ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವಳು ಒಬ್ಬಳೇ, ಸೀನಿಯರ್.

ಸೀನಿಯರ್ ಎನ್ನುವುದು ಹುಡುಗಿಯರು ಇಟ್ಟ ಹೆಸರು. ಅವಳಿಗೆ ನಲವತ್ತು ತುಂಬಿತ್ತು. ಹನ್ನೊಂದು ವರ್ಷ ವಾರ್ಡಿನಲ್ಲಿ ಆಯಾ ಆಗಿ ನೆಲ ಒರೆಸಿ, ಬೆಡ್‌ಪ್ಯಾನ್ ತೊಳೆದು, ಆಮೇಲೆ ಓದಲು ಬಂದವಳು. ಓದಲು ಹಚ್ಚಿದವಳೂ ನಾನೇ. ಕೆಲಸದಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ, ಆದರೆ ಯಾರಾದರೂ ಪಕ್ಕದಲ್ಲಿ ನಿಂತು ಬರೆದುಕೊಳ್ಳತೊಡಗಿದರೆ ಗಾಬರಿ. ಹಾಗಾಗಿ ಹಿಂದಿನ ಎರಡು ಪರೀಕ್ಷೆಯಲ್ಲೂ ಗಂಟೆ ಹೊಡೆದರೂ ಕೆಲಸ ಮುಗಿದಿರಲಿಲ್ಲ. ಮೂರು ಅವಕಾಶ ನಿಯಮ. ಇದು ಮೂರನೆಯದು. ಈ ಸಲ ಪಾಸಾದರೆ ನರ್ಸ್, ಇಲ್ಲದಿದ್ದರೆ ಮತ್ತೆ ಆಯಾ.

ಅದೇ ಬ್ಯಾಚಿನಲ್ಲಿ ನನ್ನ ಅಕ್ಕನ ಮಗಳೂ ಇದ್ದಳು. ಮನೆಯಲ್ಲಿ ಚಿಕ್ಕಮ್ಮ, ಶಾಲೆಯಲ್ಲಿ ಮೇಡಮ್ ಎಂದು ನನ್ನನ್ನು ಅಚ್ಚುಕಟ್ಟಾಗಿ ಎರಡು ಭಾಗ ಮಾಡಿಕೊಂಡಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಮೊದಲ ಸ್ಟೇಷನ್ನಿನ ಬಾಗಿಲಲ್ಲಿ ನಿಂತು ಸೀನಿಯರನ್ನು ನೋಡಿದೆ. ಬಿಪಿ ನೋಡುವ ಮೊದಲು ಅವಳು ತಾತನನ್ನು, “ಅರ್ಧ ಗಂಟೆಯೊಳಗೆ ಟೀ, ಬೀಡಿ ಏನಾದ್ರೂ ಆಯ್ತಾ?” ಎಂದು ಕೇಳಿದಳು. ಬೆಳಗಿನಿಂದ ಯಾರೂ ಕೇಳದೆ ಬೇಸತ್ತಿದ್ದ ತಾತ ತಮ್ಮ ಡೈಲಾಗನ್ನು ಎಷ್ಟು ಖುಷಿಯಿಂದ ಹೇಳಿದರೆಂದರೆ ಪರೀಕ್ಷಕರೂ ನಕ್ಕರು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದಳು. ಮಣಿಕಟ್ಟನ್ನು ಬಿಡದೆ, ನಾಡಿಯನ್ನೇ ನೋಡುತ್ತಿರುವಂತೆ, ಇನ್ನೊಂದು ನಿಮಿಷ ಎದೆಯ ಏರಿಳಿತ ಎಣಿಸಿದಳು. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಇಪ್ಪತ್ತೆರಡು ಎಂದು ಬರೆದಳು. ಪರೀಕ್ಷಕರ ಲೆಕ್ಕವೂ ಇಪ್ಪತ್ತೆರಡು. ಉಳಿದ ಹುಡುಗಿಯರೆಲ್ಲ ಎಣಿಸದೆಯೇ ಹದಿನೆಂಟು ಎಂದು ಬರೆದಿದ್ದರು. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ, ಕಣ್ಣೂ ತುಂಬಿತು.

ಡ್ರೆಸ್ಸಿಂಗ್ ಕೋಣೆಯಲ್ಲಿ ಮುಗಿದ ಪ್ಯಾಕ್ ತೆಗೆದು ಹೊಸದನ್ನು ಇಡುವ ಕೆಲಸ ನನ್ನದು, ಹಾಗಾಗಿ ಅಲ್ಲಿ ಮೂಲೆಯಲ್ಲಿದ್ದೆ. ಮೊದಲು ಅಕ್ಕನ ಮಗಳು ಬಂದಳು. ಹತ್ತಿ ಎತ್ತಿಕೊಳ್ಳುವಾಗ ಅವಳ ಗ್ಲೌಸಿನ ಕಿರುಬೆರಳು ಟ್ರಾಲಿಯ ಸ್ಟೀಲ್ ಅಂಚಿಗೆ ತಗುಲಿತು. ಪರೀಕ್ಷಕಿ ತಲೆ ಬಗ್ಗಿಸಿ ಹಿಂದಿನ ಸಾಲಿಗೆ ಟಿಕ್ ಹಾಕುತ್ತಿದ್ದರು. ಹುಡುಗಿ ಒಂದು ಕ್ಷಣ ನನ್ನ ಕಡೆ ನೋಡಿದಳು. ನಾನು ಪ್ಯಾಕಿನ ಡಬ್ಬದೊಳಗೆ ತಲೆ ಹಾಕಿ ಎಣಿಸತೊಡಗಿದೆ. ಅದೇ ಬೆರಳಿನಲ್ಲಿ ಗಾಯ ಒರೆಸಿ, ಪಟ್ಟಿ ಕಟ್ಟಿ ಹೊರಟಳು. ಹದಿನೈದಕ್ಕೆ ಹದಿನೈದು.

ಇಬ್ಬರಾದ ಮೇಲೆ ಸೀನಿಯರ್. ಪ್ಯಾಕನ್ನು ಅವಳು ಬಿಚ್ಚಿದ ರೀತಿಯನ್ನು ಪಾಠಕ್ಕೆ ಇಡಬಹುದಿತ್ತು. ಗ್ಲೌಸ್ ಹಾಕಿಕೊಂಡು ಕೈ ಎತ್ತುವಾಗ ಅಂಗೈಯ ಹಿಂಭಾಗ ಗ್ಲೌಸಿನ ಕಾಗದದ ಹೊರಕವಚಕ್ಕೆ ಸೋಕಿತಂತೆ. ನಾನೂ ನೋಡಲಿಲ್ಲ, ಪರೀಕ್ಷಕಿಯೂ ನೋಡಲಿಲ್ಲ. ಅವಳು ನಿಂತುಬಿಟ್ಟಳು.

“ಮೇಡಮ್, ನನ್ನ ಗ್ಲೌಸ್ ತಗುಲ್ತು. ಇನ್ನೂ ಏನೂ ಮುಟ್ಟಿಲ್ಲ. ಬದಲಾಯಿಸ್ತೀನಿ,” ಎಂದಳು.

ಧ್ವನಿಯಲ್ಲಿ ಎಳ್ಳಷ್ಟೂ ಗಾಬರಿಯಿರಲಿಲ್ಲ. ಗ್ಲೌಸ್ ತೆಗೆದಳು, ಕೈಗೆ ದ್ರಾವಣ ಹಾಕಿ ಉಜ್ಜಿಕೊಂಡಳು, ಹೊಸ ಜೊತೆ ಹಾಕಿದಳು. ಗಂಟೆ ಹೊಡೆಯಲು ಇಪ್ಪತ್ತು ಸೆಕೆಂಡ್ ಇರುವಾಗಲೇ ಕೆಲಸ ಮುಗಿಸಿ ನನ್ನ ಕಡೆ ನೋಡಿದಳು, ಮೂರು ವರ್ಷದಲ್ಲಿ ಮೊದಲ ಸಲ ನಗುತ್ತ.

ಪರೀಕ್ಷಕಿ ಪೆನ್ನಿನ ತುದಿಯಿಂದ ಪಟ್ಟಿಯಲ್ಲಿ ಹುಡುಕುತ್ತಿದ್ದರು. ಹಾಳೆ ತಿರುವಿ ಹಿಂದೆಯೂ ನೋಡಿದರು. “ಇದಕ್ಕೆ ಸಾಲೇ ಇಲ್ವಲ್ಲ?” ಎಂದರು ನನಗೆ. ನಾನು ಮುಗಿದ ಪ್ಯಾಕನ್ನು ಎತ್ತಿಕೊಂಡೆ. ಅವರು ನಕ್ಷತ್ರದ ಮುಂದೆ ತಪ್ಪುಗುರುತು ಹಾಕಿ ಸಹಿ ಮಾಡಿದರು. ಅವರದೇನೂ ತಪ್ಪಿಲ್ಲ. ಅವಳೇ ಬಾಯಿಬಿಟ್ಟು ‘ತಗುಲಿತು’ ಎಂದದ್ದನ್ನು ಅವರು ಕೇಳಿದ್ದರು.

ಮಧ್ಯಾಹ್ನವೇ ಪ್ರಿನ್ಸಿಪಾಲರ ಕೋಣೆಗೆ ಹೋದೆ.

“ಸರ್, ಆ ಸಾಲು ತೆಗೆದಿದ್ದು ನನ್ನ ತಪ್ಪು. ಅವಳು ಮಾಡಿದ್ದೇ ಸರಿ. ಅದನ್ನ ಸೇರಿಸಿ ಮತ್ತೆ ನೋಡಿ.”

“ಒಬ್ಬಳಿಗೋಸ್ಕರ ಸೇರ್ಸೋಕಾಗಲ್ಲ. ಹಾಳೆ ಮತ್ತೆ ತೆಗೆದ್ರೆ ಎಲ್ಲರದ್ದೂ ತೆಗೀಬೇಕು,” ಎಂದರು ಅವರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. “ಕ್ಯಾಮೆರಾ ಇದೆಯಲ್ಲ. ಇಪ್ಪತ್ತೇಳು ಜನರ ವೀಡಿಯೋನೂ ಕೂತು ನೋಡೋಣ. ಯಾರ್ಯಾರ ಕೈ ಎಲ್ಲೆಲ್ಲಿ ತಗುಲಿದೆ, ಯಾರು ಹೇಳಿದ್ರು, ಯಾರು ಹೇಳ್ಲಿಲ್ಲ, ಎಲ್ಲಾ ಗೊತ್ತಾಗುತ್ತೆ. ನೀವು ಒಂದು ಅರ್ಜಿ ಬರ್ಕೊಡಿ, ಇವತ್ತೇ ತರಿಸ್ತೀನಿ.”

ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಅವರದೇ ಪೆನ್ನು ಕೊಟ್ಟರು. ಟ್ರಾಲಿಯ ಅಂಚು ನನ್ನ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಅಕ್ಕನ ಮುಖ. ತಾರೀಕು ಬರೆದೆ. ಅದರ ಕೆಳಗೆ ಏನೂ ಬರೆಯಲಾಗಲಿಲ್ಲ.

“ಬೇಡ ಬಿಡಿ ಸರ್,” ಎಂದೆ. “ನಿಯಮ ನಿಯಮಾನೇ.”

ಫಲಿತಾಂಶದ ಮರುದಿನ ಸೀನಿಯರ್ ತನ್ನ ಕಾಗದಪತ್ರ ಹಿಂದಕ್ಕೆ ಪಡೆಯಲು ಬಂದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಸಿದ್ಧಳಾಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

“ಮೇಡಮ್, ನಾನು ಸರಿಯಾಗಿ ಮಾಡಿದ್ನಾ?”

“ಸರಿಯಾಗೇ ಮಾಡ್ದೆ.”

“ಮತ್ತೆ ಯಾಕೆ ಹೋಯ್ತು?”

“ಲಿಸ್ಟಲ್ಲಿ ಇರ್ಲಿಲ್ಲ.”

“ನೀವು ಹೇಳಿದ್ರಿ, ನಾನು ಬರ್ಕೊಂಡಿದ್ದೆ,” ಎಂದಳು. ಅದರಲ್ಲಿ ಆರೋಪವೇನೂ ಇರಲಿಲ್ಲ, ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದಳು ಅಷ್ಟೆ. ನಾನು ರಿಜಿಸ್ಟರ್ ತಿರುಗಿಸಿ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದೆ.

ಅಕ್ಕನ ಮಗಳು ಈಗ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್. ಆ ಬೆರಳಿನ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಸೀನಿಯರಿಗೆ ನಮ್ಮ ಶಾಲೆಯಲ್ಲೇ ಆಯಾ ಕೆಲಸ ಕೊಡಿಸಿದೆ. ಉಪಕಾರ ಮಾಡಿದೆ ಎಂದು ಎಲ್ಲರೂ ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಈ ವರ್ಷ ಮತ್ತೆ ಅದೇ ಸ್ಟೇಷನ್ ನನ್ನ ಪಾಲಿಗೆ ಬಂತು. ಬೇರೆ ಸಾಲು ತೆಗೆದು, ಹದಿನಾಲ್ಕನೆಯದನ್ನು ವಾಪಸ್ ಸೇರಿಸಿದೆ. ಅದಕ್ಕೆ ಎರಡು ಅಂಕ ಇಟ್ಟೆ. ಕೈ ತಗುಲದವರಿಗೂ ಆ ಎರಡು ಅಂಕ ಸಿಗುವಂತೆ ‘ಅನ್ವಯಿಸುವುದಿಲ್ಲ’ ಎಂಬ ಒಂದು ಖಾನೆ ಹಾಕಿದೆ. ಅಷ್ಟು ಸುಲಭವಿತ್ತು, ಆ ಟೀ ಕುಡಿಯುವ ಮೊದಲೇ ಮಾಡಬಹುದಿತ್ತು. ತರಗತಿಯಲ್ಲಿ ಹಳೆಯ ಮಾತನ್ನು ಮತ್ತೆ ಹೇಳಿದೆ. ಹುಡುಗಿಯರು ತಲೆಯಾಡಿಸಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀನಿಯರ್ ಕಥೆ ಅವರಿಗೆಲ್ಲ ಗೊತ್ತಿತ್ತು. ಬೆಳಗಾದರೆ ಅವಳು ಅವರ ಕಣ್ಣೆದುರೇ ನೆಲ ಒರೆಸುತ್ತಿದ್ದಳು.

ಪರೀಕ್ಷೆ ನಡೆಯಿತು. ಮೂಲೆಯಲ್ಲಿ ನಿಂತು ನಾನೇ ಕಣ್ಣಾರೆ ನೋಡಿದೆ, ಮೂವರ ಕೈ ತಗುಲಿತು. ಮೂವರೂ ಮುಂದೆ ಹೋದರು. ಸಂಜೆ ಹಾಳೆಗಳನ್ನು ಜೋಡಿಸಿದಾಗ ಮೂವತ್ತೊಂದರಲ್ಲೂ ಹದಿನಾಲ್ಕನೆಯ ಸಾಲಿನ ಮುಂದೆ ಒಂದೇ ಗುರುತು: ಅನ್ವಯಿಸುವುದಿಲ್ಲ.

ಸೀನಿಯರ್ ಟ್ರಾಲಿ ಒರೆಸುತ್ತಿದ್ದಳು. ಅಂಚನ್ನು ಎರಡು ಸಲ ಒರೆಸಿದಳು. ಆಮೇಲೆ ಕೆಳಗಿನ ತಟ್ಟೆಯಿಂದ ಒಂದು ಪೆಟ್ಟಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟಳು.

“ಹತ್ತು ಜೊತೆ ಗ್ಲೌಸ್ ಹೆಚ್ಚಿಗೆ ಇಟ್ಟಿದ್ದೆ ಮೇಡಮ್, ಬದಲಾಯಿಸೋರಿಗೆ ಬೇಕಾಗುತ್ತೆ ಅಂತ,” ಎಂದಳು. “ಹತ್ತೂ ಹಾಗೇ ಇದೆ. ಬೀರುವಲ್ಲಿ ಇಡ್ಲಾ?”

“ಇಡು,” ಎಂದೆ.